ದುಡ್ಡಿನ ಬದಲು ಷೇರು ಕೊಡ್ತೀವಿ ಅಂದರೆ: ಫ್ರೀಲಾನ್ಸ್ ಡಿಸೈನರ್ ಹಾಕಬೇಕಾದ ಲೆಕ್ಕ

ಡಿಸೈನ್ ಕೆಲಸಕ್ಕೆ ನಗದಿನ ಬದಲು ಷೇರು ಕೊಡುತ್ತೇವೆ ಎನ್ನುವ ಫೌಂಡರ್‌ಗಳ ಬಾಯಲ್ಲಿ ಒಂದು ಕತೆ ಸದಾ ತಯಾರಿರುತ್ತದೆ. ಡೇವಿಡ್ ಚೋ ಎಂಬ ಕಲಾವಿದ 2005ರಲ್ಲಿ ಫೇಸ್‌ಬುಕ್ ಆಫೀಸಿನ ಗೋಡೆಗೆ ಚಿತ್ರ ಬರೆದ. ನಗದು ಬೇಡ ಎಂದು ಷೇರು ತೆಗೆದುಕೊಂಡ. 2012ರಲ್ಲಿ ಕಂಪನಿ ಷೇರುಪೇಟೆಗೆ ಬಂದಾಗ ಅವನ ಪಾಲು ಸುಮಾರು 20 ಕೋಟಿ ಡಾಲರ್ ಬಾಳುತ್ತದೆ ಎಂದು ಪತ್ರಿಕೆಗಳು ಬರೆದವು. ನೈಕಿ ಲೋಗೋ ಬರೆದ ಕ್ಯಾರೊಲಿನ್ ಡೇವಿಡ್‌ಸನ್ ಅವರ ಕತೆಯನ್ನು ಮಾತ್ರ ಯಾರೂ ಹೇಳುವುದಿಲ್ಲ. 1971ರಲ್ಲಿ ಅವರಿಗೆ ಸಿಕ್ಕಿದ್ದು 35 ಡಾಲರ್ ನಗದು. ಷೇರು ಬಂದದ್ದು 1983ರಲ್ಲಿ, ಅದೂ ಕಂಪನಿ ಉಡುಗೊರೆಯಾಗಿ ಕೊಟ್ಟದ್ದು.

ಇಬ್ಬರ ಕೈಗೂ ಕೊನೆಗೆ ನಿಜವಾದ ಷೇರು ಬಂತು, ಅವರವರ ಹೆಸರಿಗೆ. ನಮ್ಮಲ್ಲಿ ಬರುವ ಎಷ್ಟೋ ಆಫರ್‌ಗಳು ಎಡವುವುದೇ ಅಲ್ಲಿ.

ಲೆಕ್ಕಕ್ಕೆ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ನೀವು ಬೆಂಗಳೂರಿನ ಫ್ರೀಲಾನ್ಸ್ ಡಿಸೈನರ್. ಟ್ಯೂಷನ್ ಸೆಂಟರ್‌ಗಳಿಗೆ ಹಾಜರಿ, ಫೀಸು ನೋಡಿಕೊಳ್ಳುವ ಆಪ್ ಮಾಡುತ್ತಿರುವ ಒಂದು ಹೊಸ ಕಂಪನಿ ನಿಮ್ಮನ್ನು ಕರೆದಿದೆ. ಲೋಗೋ, ವೆಬ್‌ಸೈಟು, ಆಪ್‌ನ ಸ್ಕ್ರೀನ್‌ಗಳು ಎಲ್ಲ ಸೇರಿ ನಿಮ್ಮ ಮಾಮೂಲಿ ದರದಲ್ಲಿ 4 ಲಕ್ಷದ ಕೆಲಸ. ಫೌಂಡರ್ ಎರಡು ಆಯ್ಕೆ ಮುಂದಿಡುತ್ತಾರೆ: ಕಂಪನಿಯಲ್ಲಿ 1% ಈಕ್ವಿಟಿ, ಇಲ್ಲವೇ ಎರಡು ವರ್ಷ ಆದಾಯದಲ್ಲಿ 5% ಪಾಲು. "ನಮ್ಮ ವ್ಯಾಲ್ಯುಯೇಷನ್ 5 ಕೋಟಿ. 1% ಅಂದ್ರೆ 5 ಲಕ್ಷ ಆಯ್ತಲ್ವಾ, ನಿಮ್ಮ ಫೀಸಿಗಿಂತ ಜಾಸ್ತಿನೇ!"

ಮೊದಲು: ಕೊಡುವವರ ಬಳಿ ಷೇರು ಇದೆಯೇ?

ತಮಾಷೆಯ ಪ್ರಶ್ನೆ ಅಲ್ಲ. ಕಂಪನಿ ಇನ್ನೂ ನೋಂದಣಿ ಆಗಿಲ್ಲ, ಅಥವಾ ಒಬ್ಬರ ಹೆಸರಿನ ಪ್ರೊಪ್ರೈಟರ್‌ಶಿಪ್ ಅಂದರೆ ಅಲ್ಲಿ ಷೇರು ಎನ್ನುವುದೇ ಇಲ್ಲ. ಎಲ್‌ಎಲ್‌ಪಿ ಆದರೂ ಷೇರು ಇರುವುದಿಲ್ಲ. ಅಲ್ಲಿ ಪಾಲು ಬೇಕೆಂದರೆ ನೀವು ಪಾರ್ಟ್‌ನರ್ ಆಗಿ ಒಪ್ಪಂದಕ್ಕೆ ಸೇರಬೇಕು. ಷೇರು ಸಿಗುವುದು ಕಂಪನಿಯಲ್ಲಿ, ಸ್ಟಾರ್ಟಪ್‌ಗಳ ಮಟ್ಟಿಗೆ ಅದು ಸಾಮಾನ್ಯವಾಗಿ ಪ್ರೈವೇಟ್ ಲಿಮಿಟೆಡ್.

ಕಂಪನಿಯ ಹೆಸರು ಕೇಳಿಕೊಂಡು mca.gov.in ನಲ್ಲಿ ಅದರ ಮಾಸ್ಟರ್ ಡೇಟಾ ತೆಗೆಯಿರಿ. ನಿರ್ದೇಶಕರು ಯಾರು, ಪೇಯ್ಡ್-ಅಪ್ ಬಂಡವಾಳ ಎಷ್ಟು, ಕೊನೆಯ ಬ್ಯಾಲೆನ್ಸ್ ಶೀಟ್ ಯಾವ ವರ್ಷದ್ದು ಎಂಬುದೆಲ್ಲ ಅಲ್ಲಿ ಕಾಣುತ್ತದೆ. ನಿಮ್ಮ ಜೊತೆ ಮಾತಾಡುತ್ತಿರುವವರ ಹೆಸರು ನಿರ್ದೇಶಕರ ಪಟ್ಟಿಯಲ್ಲಿ ಇಲ್ಲದಿದ್ದರೆ, ಷೇರು ಕೊಡುವ ಮಾತಾಡಲು ಅವರಿಗೆ ಅಧಿಕಾರ ಕೊಟ್ಟವರು ಯಾರು ಎಂದು ಕೇಳಬೇಕು. ಎರಡು ವರ್ಷದಿಂದ ಲೆಕ್ಕಪತ್ರ ಸಲ್ಲಿಸಿಲ್ಲ ಅಂದರೆ ಈಕ್ವಿಟಿಯ ಮಾತು ಅಲ್ಲಿಗೇ ನಿಲ್ಲಿಸಬಹುದು. ಸರ್ಕಾರಕ್ಕೇ ಲೆಕ್ಕ ಕೊಡದವರು ನಿಮಗೆ ಕೊಡುವುದಿಲ್ಲ.

ಎರಡನೆಯದು: 'ಇಸಾಪ್ ಕೊಡ್ತೀವಿ' ಅಂದರೆ ತಡೆಯಿರಿ

ಇದು ತುಂಬಾ ಜನರಿಗೆ ಗೊತ್ತಿಲ್ಲ, ಕೆಲವು ಫೌಂಡರ್‌ಗಳಿಗೂ ಗೊತ್ತಿಲ್ಲ. ಇಸಾಪ್ ಅಂದರೆ ಮುಂದೊಂದು ದಿನ ಮೊದಲೇ ಗೊತ್ತುಮಾಡಿದ ಬೆಲೆಗೆ ಷೇರು ಕೊಳ್ಳುವ ಹಕ್ಕು. 2013ರ ಕಂಪನಿ ಕಾಯಿದೆಯ ಪ್ರಕಾರ ಅದನ್ನು ಕೊಡಬಹುದಾದದ್ದು ಕಂಪನಿಯ ನೌಕರರಿಗೆ ಮತ್ತು ನಿರ್ದೇಶಕರಿಗೆ. ಕೆಲಸ, ಪರಿಣತಿಗೆ ಬದಲಾಗಿ ಕೊಡುವ ಸ್ವೆಟ್ ಈಕ್ವಿಟಿ ಎನ್ನುವುದೂ ಅಷ್ಟೇ. ಹೊರಗಿನಿಂದ ಬಿಲ್ ಕೊಟ್ಟು ಕೆಲಸ ಮಾಡುವ ಫ್ರೀಲಾನ್ಸರ್ ಈ ಎರಡರ ಒಳಗೂ ಬರುವುದಿಲ್ಲ. ಹಾಗಾಗಿ 'ನಿಮಗೆ 1% ಇಸಾಪ್' ಎಂದು ಇಮೇಲ್‌ನಲ್ಲಿ ಬಂದ ಸಾಲನ್ನು ನಂಬಿ ಕೆಲಸ ಶುರು ಮಾಡಿದರೆ, ನಿಮ್ಮ ಕೈಯಲ್ಲಿ ಇರುವುದು ಜಾರಿಗೆ ತರಲಾಗದ ಒಂದು ಮಾತು.

ಇದಕ್ಕೆ ಪರಿಹಾರ ಅಂತ 'ಹಾಗಾದರೆ ನಿಮ್ಮನ್ನು ನೌಕರರ ಪಟ್ಟಿಗೆ ಸೇರಿಸ್ತೀವಿ' ಎನ್ನುವವರಿದ್ದಾರೆ. ಎಚ್ಚರ. ಇಸಾಪ್ ಕೊಟ್ಟ ದಿನದಿಂದ ಅದು ವೆಸ್ಟ್ ಆಗಲು, ಅಂದರೆ ಆ ಹಕ್ಕು ನಿಜಕ್ಕೂ ನಿಮ್ಮದಾಗಲು, ಕಡಿಮೆ ಅಂದರೂ ಒಂದು ವರ್ಷ ಕಾಯಬೇಕು. ನಿಮ್ಮ ಕೆಲಸ ಮೂರು ತಿಂಗಳಲ್ಲಿ ಮುಗಿಯುತ್ತದೆ. ಅದಾದ ಮೇಲೆ ನಿಮ್ಮನ್ನು ಬಿಟ್ಟರೆ ಇಸಾಪ್ ಸೊನ್ನೆ. ಜೊತೆಗೆ, ನೌಕರರಾಗಿ ಮಾಡಿದ ಡಿಸೈನಿನ ಕಾಪಿರೈಟ್ ಬೇರೆ ಒಪ್ಪಂದ ಇಲ್ಲದಿದ್ದರೆ ನೇರವಾಗಿ ಕಂಪನಿಯದೇ ಆಗುತ್ತದೆ. ನಿಮ್ಮ ಕೈಯಲ್ಲಿದ್ದ ಒಂದೇ ಹಿಡಿತವೂ ಹೋಯಿತು. ಈ ಹಿಡಿತದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೊರಗಿನವರಿಗೆ ಷೇರು ಕೊಡುವ ದಾರಿ ಇಲ್ಲವೇ ಅಂದರೆ, ಇದೆ. ಕಂಪನಿ ನಿಮ್ಮ ಕೆಲಸವನ್ನೇ ಬೆಲೆಯಾಗಿ ಹಿಡಿದು ನಿಮಗೆ ಹೊಸ ಷೇರು ಹಂಚಬಹುದು. ಅದಕ್ಕೆ ನೋಂದಾಯಿತ ವ್ಯಾಲ್ಯುಯರ್ ವರದಿ ಬೇಕು, ಷೇರುದಾರರ ವಿಶೇಷ ನಿರ್ಣಯ ಬೇಕು, ಹಂಚಿದ ಮೇಲೆ ಅದರ ವಿವರವನ್ನು PAS-3 ಫಾರ್ಮ್‌ನಲ್ಲಿ ಸರ್ಕಾರಕ್ಕೆ ಸಲ್ಲಿಸಬೇಕು. ಇದಕ್ಕೆಲ್ಲ ಕಂಪನಿಗೆ ಖರ್ಚಿದೆ. 4 ಲಕ್ಷದ ಕೆಲಸಕ್ಕೆ ಇಷ್ಟು ಓಡಾಡಲು ಅವರು ತಯಾರಿದ್ದಾರೆಯೇ ಎಂದು ಕೇಳಿ ನೋಡಿ. 'ನಮ್ಮ ಕಂಪನಿ ಸೆಕ್ರೆಟರಿ ಹತ್ರ ಮಾತಾಡ್ತೀವಿ' ಎಂದು ಒಂದು ವಾರದಲ್ಲಿ ಉತ್ತರ ತಂದರೆ ಆಫರ್ ಗಟ್ಟಿ. 'ಅದೆಲ್ಲ ಆಮೇಲೆ ಮಾಡೋಣ, ಮೊದಲು ಕೆಲಸ ಶುರು ಮಾಡಿ' ಅಂದರೆ ನಿಮಗೆ ಉತ್ತರ ಸಿಕ್ಕಂತೆಯೇ.

ಫ್ಯಾಂಟಮ್ ಸ್ಟಾಕ್ ಎಂಬ ಇನ್ನೊಂದು ರೀತಿ ಇದೆ. ಅದರಲ್ಲಿ ಷೇರು ಕೊಡುವುದಿಲ್ಲ. ಕಂಪನಿ ಮಾರಾಟವಾದರೆ 1% ಷೇರಿಗೆ ಎಷ್ಟು ಬರುತ್ತಿತ್ತೋ ಅಷ್ಟು ನಗದು ಕೊಡುತ್ತೇವೆ ಎಂಬ ಒಪ್ಪಂದ ಅಷ್ಟೇ. ಸರಳ. ಆದರೆ ಅದರ ಬೆಲೆ ಪೂರ್ತಿ ಒಪ್ಪಂದದ ಭಾಷೆಯ ಮೇಲೆ ನಿಂತಿದೆ.

ಮೂರನೆಯದು: 1% ಅಂದರೆ ಯಾವುದರ 1%?

ಷೇರುಗಳ ಸಂಖ್ಯೆ ಕೇಳಿ, ಶೇಕಡಾವಾರು ಸಾಲದು. ಜೊತೆಗೆ ಕ್ಯಾಪ್ ಟೇಬಲ್, ಅಂದರೆ ಯಾರ ಹತ್ತಿರ ಎಷ್ಟು ಷೇರಿದೆ ಎಂಬ ಪಟ್ಟಿ ಕೇಳಿ. ಅದರಲ್ಲಿ ಇಸಾಪ್ ಪೂಲ್, ಅಂದರೆ ನೌಕರರಿಗೆಂದು ಈಗಾಗಲೇ ತೆಗೆದಿಟ್ಟಿರುವ ಷೇರು, ಮುಂದೆ ಷೇರಾಗಿ ಬದಲಾಗುವ ಸಾಲ, ಎಲ್ಲವೂ ಸೇರಿರಬೇಕು. ಅವೆಲ್ಲ ಸೇರಿದ ಮೇಲೂ ನಿಮ್ಮದು 1% ಇದೆಯೇ ಎಂಬುದು ಪ್ರಶ್ನೆ.

ಇದೆ ಎಂದೇ ಇಟ್ಟುಕೊಳ್ಳೋಣ. ಈಗ ಮುಂದಕ್ಕೆ ನಡೆಸಿ ನೋಡಿ. ಮೊದಲ ಫಂಡಿಂಗ್‌ನಲ್ಲಿ ಹೂಡಿಕೆದಾರರು 3 ಕೋಟಿ ಹಾಕಿ 20% ತೆಗೆದುಕೊಳ್ಳುತ್ತಾರೆ. ಅದೇ ಹೊತ್ತಿಗೆ ನೌಕರರಿಗೆಂದು 10% ಪೂಲ್ ಮಾಡಿಸುತ್ತಾರೆ. ನಿಮ್ಮ 1% ಈಗ 0.7%. ಮುಂದಿನ ರೌಂಡ್‌ನಲ್ಲಿ ಇನ್ನೊಬ್ಬರು 12 ಕೋಟಿ ಹಾಕಿ 20% ಪಡೆಯುತ್ತಾರೆ. ನಿಮ್ಮದು 0.56%. ಇದರಲ್ಲಿ ಮೋಸವೇನೂ ಇಲ್ಲ, ಫೌಂಡರ್ ಪಾಲೂ ಇದೇ ಲೆಕ್ಕದಲ್ಲಿ ಇಳಿಯುತ್ತದೆ.

ಆರನೇ ವರ್ಷ ಕಂಪನಿಯನ್ನು ದೊಡ್ಡ ಕಂಪನಿಯೊಂದು 20 ಕೋಟಿಗೆ ಕೊಂಡಿತು ಅಂತಿಟ್ಟುಕೊಳ್ಳಿ. ಸುದ್ದಿ ಓದಿದವರು 20 ಕೋಟಿಯ 0.56%, ಅಂದರೆ 11.2 ಲಕ್ಷ ನಿಮಗೆ ಬಂತು ಎಂದುಕೊಳ್ಳುತ್ತಾರೆ. ಬರುವುದಿಲ್ಲ. ಹೂಡಿಕೆದಾರರ ಷೇರು ಬೇರೆ ತರಹದ್ದು. ಮಾರಾಟವಾದಾಗ ತಾವು ಹಾಕಿದ ಹಣವನ್ನು ಮೊದಲು ತೆಗೆದುಕೊಳ್ಳುವ ಹಕ್ಕು ಅದಕ್ಕೆ ಸಾಮಾನ್ಯವಾಗಿ ಇರುತ್ತದೆ. ಅವರು ಒಟ್ಟು 15 ಕೋಟಿ ಹಾಕಿದ್ದಾರೆ. ತಮ್ಮ 36% ಪಾಲಿನ ಲೆಕ್ಕದಲ್ಲಿ ಹೋದರೆ ಅವರಿಗೆ ಬರುವುದು 7.2 ಕೋಟಿ ಮಾತ್ರ, ಆದ್ದರಿಂದ 15 ಕೋಟಿಯನ್ನೇ ತೆಗೆದುಕೊಳ್ಳುತ್ತಾರೆ. ಉಳಿದ 5 ಕೋಟಿಯನ್ನು ಫೌಂಡರ್‌ಗಳು, ಪೂಲ್‌ನ ನೌಕರರು ಮತ್ತು ನೀವು ಹಂಚಿಕೊಳ್ಳಬೇಕು. ಆ 64%ರಲ್ಲಿ ನಿಮ್ಮದು 0.56. ಕೈಗೆ ಸುಮಾರು 4.37 ಲಕ್ಷ, ಅದರ ಮೇಲೆ ತೆರಿಗೆ ಬೇರೆ.

ಅಂದರೆ ಕಂಪನಿ ಬದುಕಿ, ಎರಡು ಸಲ ಫಂಡಿಂಗ್ ಪಡೆದು, ಮಾರಾಟವೂ ಆದ ಮೇಲೆ ನಿಮಗೆ ಸಿಕ್ಕಿದ್ದು ಆರು ವರ್ಷದ ಹಿಂದಿನ ಫೀಸು. ಇದು ಸೋತ ಕಂಪನಿಯ ಕತೆ ಅಲ್ಲ ಎನ್ನುವುದನ್ನು ಗಮನಿಸಿ.

ಇನ್ನೊಂದು ಕಡೆಯಿಂದಲೂ ನೋಡಬಹುದು. ಷೇರು ದುಡ್ಡಾಗುವ ಸಾಧ್ಯತೆ ಹತ್ತರಲ್ಲಿ ಒಂದು ಎಂದು ನಿಮಗೆ ಅನಿಸಿದರೆ, ದುಡ್ಡಾದ ದಿನ ಅದು 4 ಲಕ್ಷ ಅಲ್ಲ, 40 ಲಕ್ಷ ತರಬೇಕು. 0.56%ಗೆ 40 ಲಕ್ಷ ಬರಬೇಕಾದರೆ ಕಂಪನಿ 71 ಕೋಟಿಗಿಂತ ಹೆಚ್ಚಿಗೆ ಮಾರಾಟವಾಗಬೇಕು. ಇವರ ಆಪ್ ಆ ಮಟ್ಟಕ್ಕೆ ಹೋಗಬಲ್ಲದೇ? ಈ ಪ್ರಶ್ನೆಗೆ ನಿಮ್ಮ ಮನಸ್ಸು ಕೊಡುವ ಉತ್ತರವನ್ನು ನಂಬಿ. ನಡುವೆ ಬೇಕೆಂದಾಗ ಮಾರಿಕೊಳ್ಳೋಣ ಎಂದರೂ ಆಗುವುದಿಲ್ಲ. ಪ್ರೈವೇಟ್ ಕಂಪನಿಯ ಷೇರನ್ನು ಹೊರಗಿನವರಿಗೆ ಮಾರಲು ಅದರ ನಿಯಮಾವಳಿಯಲ್ಲೇ ನಿರ್ಬಂಧ ಇರುತ್ತದೆ.

'ವ್ಯಾಲ್ಯುಯೇಷನ್ 5 ಕೋಟಿ' ಎಂಬ ಮಾತಿಗೆ ಒಂದೇ ಪ್ರಶ್ನೆ ಸಾಕು: ಆ ದರದಲ್ಲಿ ಯಾರಾದರೂ ನಗದು ಹಾಕಿದ್ದಾರಾ? ಹಾಕಿದ್ದರೆ ಅದು ಬೆಲೆ. ಇಲ್ಲದಿದ್ದರೆ ಆಸೆ.

ನಾಲ್ಕನೆಯದು: ಆದಾಯದ ಪಾಲನ್ನು ಅವರದೇ ಯೋಜನೆಯಿಂದ ಅಳೆಯಿರಿ

ಈಗ ಎರಡನೇ ಆಯ್ಕೆ. ಪ್ರತಿ ಸೆಂಟರ್ ತಿಂಗಳಿಗೆ 1,500 ರೂಪಾಯಿ ಕೊಡುತ್ತದೆ. ಅದರ 5% ಅಂದರೆ 75 ರೂಪಾಯಿ. 4 ಲಕ್ಷ ಆಗಬೇಕಾದರೆ ಸುಮಾರು 5,330 ಮಾಸಿಕ ಕಂತುಗಳು ಬರಬೇಕು. ಫೌಂಡರ್ ಪ್ರಕಾರ ಎರಡು ವರ್ಷದಲ್ಲಿ 500 ಸೆಂಟರ್. ಒಪ್ಪಂದದ ಗಡಿಯಾರ ಸಹಿ ಹಾಕಿದ ದಿನವೇ ಶುರು, ಆದರೆ ಆಪ್ ಹೊರಬರಲು ನಾಲ್ಕು ತಿಂಗಳು ಬೇಕು. ಉಳಿದದ್ದು 20 ತಿಂಗಳು. ಸೊನ್ನೆಯಿಂದ 500ಕ್ಕೆ ಒಂದೇ ಸಮನೆ ಏರಿದರೆ ಸರಾಸರಿ 250 ಸೆಂಟರ್. 250 ಸೆಂಟರ್, 20 ತಿಂಗಳು, 75 ರೂಪಾಯಿ: 3.75 ಲಕ್ಷ.

ಅವರ ಕನಸು ಪೂರ್ತಿ ನನಸಾದರೂ ನಿಮ್ಮ ಫೀಸು ಹುಟ್ಟುವುದಿಲ್ಲ. ಫೌಂಡರ್ ಬೇಕೆಂದು ಹೀಗೆ ಮಾಡಿರಲಿಕ್ಕಿಲ್ಲ. ಲೆಕ್ಕ ಹಾಕಿಯೇ ಇರುವುದಿಲ್ಲ. ಈ ಕಾಗದವನ್ನು ಅವರ ಮುಂದೆ ಇಟ್ಟರೆ ಮಾತುಕತೆಯ ಧಾಟಿಯೇ ಬದಲಾಗುತ್ತದೆ.

ಆದರೂ ಒಂದೇ ಸಲದ ಡಿಸೈನ್ ಕೆಲಸಕ್ಕೆ ಷೇರಿಗಿಂತ ಆದಾಯದ ಪಾಲೇ ವಾಸಿ ಎಂಬುದು ನನ್ನ ಅಭಿಪ್ರಾಯ. ಕಂಪನಿ ಮಾರಾಟವಾಗುವವರೆಗೆ ಕಾಯಬೇಕಿಲ್ಲ, ಗಿರಾಕಿ ದುಡ್ಡು ಕೊಟ್ಟರೆ ಸಾಕು. ಆದರೆ ಅದನ್ನು ಅವಧಿಗೆ ಕಟ್ಟಬೇಡಿ, ಮೊತ್ತಕ್ಕೆ ಕಟ್ಟಿ. ನಮ್ಮ ಉದಾಹರಣೆಯಲ್ಲಿ ನಾನಾದರೆ ಹೀಗೆ ಕೇಳುತ್ತೇನೆ: 2 ಲಕ್ಷ ನಗದು. ಉಳಿದ 2 ಲಕ್ಷದ ಬದಲು ಆದಾಯದ 8%, ಅದು 4 ಲಕ್ಷ ಮುಟ್ಟುವವರೆಗೆ. ಎಷ್ಟು ವರ್ಷ ಆದರೂ ಸರಿ. ಮುಟ್ಟಿದ ಮೇಲೆ ಸಂಬಂಧ ಮುಗಿಯಿತು. 8% ಅಂದರೆ ಸೆಂಟರಿಗೆ 120 ರೂಪಾಯಿ. ಅವರ ಯೋಜನೆಯಂತೆ ನಡೆದರೆ ಆಪ್ ಹೊರಬಂದ ಸುಮಾರು 16 ತಿಂಗಳಲ್ಲಿ ಬಾಕಿ ತೀರುತ್ತದೆ. ಅರ್ಧ ವೇಗದಲ್ಲಿ ನಡೆದರೆ ಸುಮಾರು 23 ತಿಂಗಳು. ನೀವು ಹೊತ್ತ ಅಪಾಯಕ್ಕೆ ಎರಡು ಪಟ್ಟು ಸಿಕ್ಕಿತು. ಫೌಂಡರ್‌ಗೂ ಕೊನೆ ಕಾಣುವ ಸಾಲದಂತೆ ಇರುತ್ತದೆ, ಹೂಡಿಕೆದಾರರೂ ಹೆದರುವುದಿಲ್ಲ.

ಒಪ್ಪಂದದಲ್ಲಿ ಜಗಳ ಹುಟ್ಟುವುದು 'ಆದಾಯ' ಎಂಬ ಜಾಗದಲ್ಲಿ. ಲಾಭದ ಪಾಲು ಎಂದು ಬರೆಯಲು ಬಿಡಬೇಡಿ. ಹೊಸ ಕಂಪನಿಯಲ್ಲಿ ಲಾಭ ವರ್ಷಗಟ್ಟಲೆ ಇರುವುದಿಲ್ಲ, ಇದ್ದರೂ ಖರ್ಚು ತೋರಿಸಿ ಇಲ್ಲವಾಗಿಸಬಹುದು. ಜಿಎಸ್‌ಟಿ ಮತ್ತು ಗಿರಾಕಿಗೆ ಮರಳಿಸಿದ ಹಣ ಕಳೆದು ಬಿಲ್ ಮಾಡಿದ ಮೊತ್ತ ಎಂದು ಬರೆಸಿ. ಈ ಆಪ್‌ನಲ್ಲಿ ಮಕ್ಕಳ ಫೀಸೂ ಹಾದುಹೋಗುತ್ತದೆ. ಅದು ಸೆಂಟರಿನ ದುಡ್ಡು, ಅದರಲ್ಲಿ ಪಾಲು ಕೇಳುವುದು ನ್ಯಾಯವಲ್ಲ. ಆದರೆ ಅದರ ಮೇಲೆ ಕಂಪನಿ ಕಮಿಷನ್ ಹಿಡಿದರೆ ಆ ಕಮಿಷನ್ ಆದಾಯವೇ. ಇದೇ ಉತ್ಪನ್ನವನ್ನು ನಾಳೆ ಇನ್ನೊಂದು ಹೆಸರಿನಲ್ಲಿ, ಇನ್ನೊಂದು ಕಂಪನಿಯಿಂದ ಮಾರಿದರೂ ಪಾಲು ಅನ್ವಯ ಎಂಬ ಸಾಲು ಇರಲಿ.

ಲೆಕ್ಕ ನಿಜವೇ ಎಂದು ತಿಳಿಯುವುದು ಹೇಗೆ? ಅವರ ಪುಸ್ತಕ ತೆರೆಸಿ ಆಡಿಟ್ ಮಾಡಿಸುವುದು ಸಣ್ಣ ಮೊತ್ತಕ್ಕೆ ಆಗುವ ಮಾತಲ್ಲ. ಕಂಪನಿ ಜಿಎಸ್‌ಟಿ ನೋಂದಣಿ ಹೊಂದಿದ್ದರೆ ಪ್ರತಿ ಸಲ GSTR-1 ನ ಪ್ರತಿ ಕೊಡಬೇಕೆಂದು ಬರೆಸಿ. ಅದು ಸರ್ಕಾರಕ್ಕೆ ಅವರೇ ಸಲ್ಲಿಸುವ ಮಾರಾಟದ ವಿವರ. ನಿಮಗೆ ಒಂದು ಅಂಕಿ, ಸರ್ಕಾರಕ್ಕೆ ಇನ್ನೊಂದು ಅಂಕಿ ತೋರಿಸುವುದು ಸುಲಭವಲ್ಲ.

ಐದನೆಯದು: ನಗದಿಲ್ಲದ ಕೆಲಸಕ್ಕೂ ತೆರಿಗೆ ನಗದಲ್ಲೇ

ಷೇರನ್ನು ಫೀಸಿನ ಬದಲು ಪಡೆದರೆ ಅದರ ಬೆಲೆ ನಿಮ್ಮ ವೃತ್ತಿಯ ಆದಾಯ. ಕೈಗೆ ಒಂದು ರೂಪಾಯಿ ಬರದಿದ್ದರೂ ಆ ವರ್ಷವೇ ಆದಾಯ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಟಿಡಿಎಸ್ ಜವಾಬ್ದಾರಿ ಯಾರು ಹೇಗೆ ತೀರಿಸುತ್ತಾರೆ ಎಂದು ಮೊದಲೇ ಮಾತಾಡಿ. ನಿಮಗೆ ಜಿಎಸ್‌ಟಿ ನೋಂದಣಿ ಇದ್ದರೆ ಇನ್ನೂ ಒಂದು ಹೊರೆ: ಬೆಲೆ ಷೇರಿನ ರೂಪದಲ್ಲಿ ಬಂದರೂ ಜಿಎಸ್‌ಟಿ ಕಟ್ಟಲೇಬೇಕು. 4 ಲಕ್ಷಕ್ಕೆ 18%, ಅಂದರೆ 72,000 ರೂಪಾಯಿ ನಿಮ್ಮ ಜೇಬಿನಿಂದ. ಆದ್ದರಿಂದ ಜಿಎಸ್‌ಟಿಯನ್ನು ಕಂಪನಿ ನಗದಿನಲ್ಲಿ ಕೊಡಬೇಕು ಎಂಬುದು ಚೌಕಾಸಿಗೆ ಬಿಡುವ ವಿಷಯವಲ್ಲ. ಇಲ್ಲಿ ನಿಮ್ಮ ಸಿಎ ಜೊತೆ ಅರ್ಧ ಗಂಟೆ ಕೂತರೆ ಆ ಫೀಸು ದಂಡವಲ್ಲ.

ನಗದು ಭಾಗ ಎಷ್ಟಿರಬೇಕು ಎಂಬುದಕ್ಕೂ ಇದೇ ಅಳತೆ. ತೆರಿಗೆ, ನೀವು ಹೊರಗೆ ಕೊಡಬೇಕಾದ ದುಡ್ಡು, ಆ ತಿಂಗಳುಗಳ ಮನೆ ಖರ್ಚು, ಇಷ್ಟು ನಗದಿನಲ್ಲೇ ಹುಟ್ಟಬೇಕು. ಕಂಪನಿ ಡೆವಲಪರ್‌ಗೆ ಸಂಬಳ ಕೊಡುತ್ತಿದೆ, ಸರ್ವರ್ ಬಿಲ್ ಕಟ್ಟುತ್ತಿದೆ, ಡಿಸೈನಿಗೆ ಮಾತ್ರ ದುಡ್ಡಿಲ್ಲ ಅಂದರೆ ಅದು ದುಡ್ಡಿನ ಕೊರತೆ ಅಲ್ಲ ಅಂತ ನನಗನಿಸುತ್ತದೆ.

ಆರನೆಯದು: ಹಕ್ಕು ಬಿಟ್ಟುಕೊಡುವ ದಿನ ಯಾವುದು?

ಮೇಲೆ ಹೇಳಿದ ಹಿಡಿತ ಇದೇ. ಫ್ರೀಲಾನ್ಸರ್ ಮಾಡಿದ ಲೋಗೋ, ಸ್ಕ್ರೀನ್‌ಗಳ ಕಾಪಿರೈಟ್ ಸಾಮಾನ್ಯವಾಗಿ ಅವರದೇ. 1957ರ ಕಾಪಿರೈಟ್ ಕಾಯಿದೆಯಂತೆ ಅದು ಕಂಪನಿಗೆ ಹೋಗಬೇಕಾದರೆ ನಿಮ್ಮ ಸಹಿ ಇರುವ ಬರಹ ಬೇಕು. ಆ ಬರಹದಲ್ಲಿ ಅವಧಿ ಹೇಳದಿದ್ದರೆ ವರ್ಗಾವಣೆ ಐದು ವರ್ಷಕ್ಕೆ ಮಾತ್ರ ಎಂದು ಕಾಯಿದೆ ಹಿಡಿಯುತ್ತದೆ.

ಹೂಡಿಕೆದಾರರು ದುಡ್ಡು ಹಾಕುವ ಮುಂಚೆ ಬ್ರ್ಯಾಂಡ್, ಡಿಸೈನ್ ಹಕ್ಕು ಕಂಪನಿ ಹೆಸರಿನಲ್ಲಿದೆಯೇ ಎಂದು ನೋಡುತ್ತಾರೆ. ಇಲ್ಲದಿದ್ದರೆ ಫೌಂಡರ್ ನಿಮ್ಮ ಬಳಿ ಬರಲೇಬೇಕು. ಆದ್ದರಿಂದ ಕೆಲಸ ಶುರುವಾಗುವ ದಿನವೇ 'ಎಲ್ಲ ಹಕ್ಕು ಕಂಪನಿಯದು' ಎಂಬ ಮಾದರಿ ಒಪ್ಪಂದಕ್ಕೆ ಸಹಿ ಹಾಕಬೇಡಿ. ಷೇರಿನ ಒಪ್ಪಂದವಾದರೆ ಷೇರು ನಿಮ್ಮ ಹೆಸರಿಗೆ ಬಂದ ದಿನ ಹಕ್ಕು ವರ್ಗ. ಅಲ್ಲಿಯವರೆಗೆ ಬಳಸಲು ಅನುಮತಿ ಮಾತ್ರ. ಆದಾಯದ ಪಾಲಾದರೆ ಪೂರ್ತಿ 4 ಲಕ್ಷ ಸಂದಾಯವಾದ ದಿನ. ಕಂಪನಿಗೆ ಫಂಡಿಂಗ್ ಬಂದರೆ ಅಥವಾ ಅದು ಮಾರಾಟವಾದರೆ ಉಳಿದ ಬಾಕಿಯನ್ನು ಒಂದೇ ಸಲಕ್ಕೆ ಕೊಡಬೇಕು, ಹಕ್ಕು ಆಗಲೇ ವರ್ಗ ಎಂಬ ಸಾಲನ್ನೂ ಸೇರಿಸಿ. ಈ ಒಂದು ಸಾಲು ಇಬ್ಬರಿಗೂ ಅನುಕೂಲ. ಅವರಿಗೆ ದುಡ್ಡು ಬಂದ ಹೊತ್ತಿಗೇ ನಿಮಗೂ ಬರುತ್ತದೆ. ಫಿಗ್ಮಾ ಫೈಲುಗಳೂ ಅಲ್ಲಿಯವರೆಗೆ ನಿಮ್ಮ ಖಾತೆಯಲ್ಲೇ ಇರಲಿ, ಅವರಿಗೆ ನೋಡುವ ಅನುಮತಿ ಸಾಕು.

ಕೆಲಸಕ್ಕೆ ಬದಲಾಗಿ ಕೊಡುವ ಷೇರಿಗೆ ನಾಲ್ಕು ವರ್ಷದ ವೆಸ್ಟಿಂಗ್ ಹಾಕುವ ಫೌಂಡರ್‌ಗಳಿದ್ದಾರೆ. ಒಪ್ಪಬೇಡಿ. ವೆಸ್ಟಿಂಗ್ ಇರುವುದು ಮುಂದೆ ಮಾಡುವ ಕೆಲಸಕ್ಕೆ. ನಿಮ್ಮ ಕೆಲಸ ಮುಗಿದಿದೆ. ಬೇಕಿದ್ದರೆ ಕೆಲಸದ ಹಂತಗಳಿಗೆ ಕಟ್ಟಲಿ: ಲೋಗೋ ಒಪ್ಪಿದಾಗ ಇಷ್ಟು, ಸ್ಕ್ರೀನ್ ಮುಗಿದಾಗ ಇಷ್ಟು.

ಸಹಿ ಆದ ಮೇಲೆ

ಷೇರು ಹಂಚಿದ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಆ ದಿನದಿಂದ ಎರಡು ತಿಂಗಳೊಳಗೆ ಷೇರು ಸರ್ಟಿಫಿಕೇಟು ಬರಬೇಕು, ಅಥವಾ ನಿಮ್ಮ ಡಿಮ್ಯಾಟ್ ಖಾತೆಯಲ್ಲಿ ಷೇರು ಕಾಣಬೇಕು. PAS-3 ಸಲ್ಲಿಕೆಯಾದ ರಸೀದಿಯ ಪ್ರತಿ ಕೇಳಿ, ಅದರ ಜೊತೆಗಿರುವ ಪಟ್ಟಿಯಲ್ಲಿ ನಿಮ್ಮ ಹೆಸರು ಮತ್ತು ಷೇರುಗಳ ಸಂಖ್ಯೆ ಒಪ್ಪಂದಕ್ಕೆ ಹೊಂದುತ್ತದೆಯೇ ನೋಡಿ. ಆದಾಯದ ಪಾಲಾದರೆ ಪ್ರತಿ ತಿಂಗಳೂ ಬಿಲ್ ಕಳಿಸಿ, ಮೊತ್ತ 900 ರೂಪಾಯಿ ಆದರೂ ಸರಿ. ನಗದು ಭಾಗಕ್ಕೆ ಉದ್ಯಮ್ ನೋಂದಣಿ ಮಾಡಿಸಿಕೊಂಡು ಅದರ ಸಂಖ್ಯೆಯನ್ನು ಬಿಲ್ ಮೇಲೆ ಹಾಕಿ. ಸಣ್ಣ ಉದ್ಯಮಗಳ ಬಿಲ್ ತೀರಿಸಲು ಕಾನೂನು ಒಪ್ಪುವ ಗರಿಷ್ಠ ಅವಧಿ 45 ದಿನ, ಅದು ಮೀರಿದರೆ ಬಡ್ಡಿ ಕೇಳಬಹುದು, ಸಣ್ಣ ಉದ್ಯಮಗಳಿಗಾಗಿ ಇರುವ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಕೆಲಸ ಶುರುವಾಗುವ ಮುಂಚೆಯೇ ಈ ನೋಂದಣಿ ಮುಗಿಸಿಡಿ, ಆಮೇಲೆ ಮಾಡಿಸಿದರೆ ಹಳೆಯ ಬಿಲ್‌ಗೆ ಅದು ಅನ್ವಯವಾಗುತ್ತದೆಯೇ ಎಂಬ ತಕರಾರು ಏಳುತ್ತದೆ.